ನಾಲ್ಕು ಕಡೆ ಗೀಚಿದ ಟಿಪ್ಪಣಿಗಳಿಂದ ಪೋಷಕರ ಸಭೆಯ ಒಂದು ಪತ್ರ

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಕೆಲಸಗಳೆಲ್ಲ ನನ್ನ ಮೇಜಿಗೇ ಬರುತ್ತವೆ. 2024ರ ನವೆಂಬರ್‌ನಲ್ಲಿ ಆರನೇ ತರಗತಿಯ ತರಗತಿ ಶಿಕ್ಷಕಿ ತಮ್ಮ ಟಿಪ್ಪಣಿಗಳನ್ನು ಕೊಟ್ಟು, "ಸರ್, ಇದನ್ನೆಲ್ಲ ಸೇರಿಸಿ ಒಂದು ಪತ್ರ ಮಾಡಿಕೊಡಿ, ಮೂವತ್ತೊಂದು ಮನೆಗೂ ಹೋಗಬೇಕು" ಎಂದರು. ಆ ಟಿಪ್ಪಣಿಗಳು ಪತ್ರವಾದ ಕ್ರಮವನ್ನೂ ನಡುವೆ ಕೈಬಿಟ್ಟ ಸಂಗತಿಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಬಳಸಿದ ಸಾಮಗ್ರಿ ಹೆಚ್ಚೇನಿಲ್ಲ: ಶಾಲೆಯ ಹಳೆಯ ಕಂಪ್ಯೂಟರ್, ಲಿಬ್ರೆಆಫೀಸ್, ಒಂದು ಪ್ರಿಂಟರ್, ಅಡಿಪಟ್ಟಿ, ಕೆಂಪು ಪೆನ್ನು ಮತ್ತು ಗೋಡೆಯ ಕ್ಯಾಲೆಂಡರ್.

ನವೆಂಬರ್ 12, ಮಂಗಳವಾರ: ಟಿಪ್ಪಣಿಗಳನ್ನು ಒಂದು ಹಾಳೆಗೆ ಇಳಿಸಿದ್ದು

ಟಿಪ್ಪಣಿಗಳು ಹಾಜರಾತಿ ಪುಸ್ತಕದ ಹಿಂಬದಿ, ಪಾಠ ಯೋಜನೆಯ ಡೈರಿ, ಕ್ಯಾಲೆಂಡರಿನ ಅಂಚು ಮತ್ತು ಒಂದು ಬಿಡಿ ಚೀಟಿ, ಹೀಗೆ ನಾಲ್ಕು ಕಡೆ ಇದ್ದವು. ತಿದ್ದಲು ಹೋಗದೆ, ಅವರು ಬರೆದ ಮಾತುಗಳಲ್ಲಿಯೇ ಎಲ್ಲವನ್ನೂ ಮೊದಲು ಒಂದು ಹಾಳೆಗೆ ನಕಲು ಮಾಡಿಕೊಂಡೆ:

"ಮೀಟಿಂಗ್, ಮುಂದಿನ ಸೋಮವಾರ? ಹೆಡ್ ಮಾಸ್ಟರ್ ಕೇಳಬೇಕು."
"ಎಸ್.ಎ. 1 ರಿಸಲ್ಟ್, ಪ್ರಗತಿ ಪತ್ರ ಸಹಿ."
"ಗಣಿತ, 9 ಮಕ್ಕಳಿಗೆ ಭಾಗಾಕಾರ ಬರಲ್ಲ." ಇದರ ಕೆಳಗೆ ಒಂಬತ್ತು ಹೆಸರುಗಳು.
"ಅಪಾರ್, ಒಪ್ಪಿಗೆ ಸಹಿ, 6 ಹೆಸರು ತಾಳೆ ಇಲ್ಲ."
"ಸ್ಕಾಲರ್‌ಶಿಪ್, 4 ಜನ ಕ್ಯಾಸ್ಟ್ ಇನ್‌ಕಮ್."
"ರಾಗಿ ಕೊಯ್ಲು, ಗೈರು." ಇಲ್ಲಿ ಮೂರು ಹೆಸರುಗಳು.
"ಮೊಟ್ಟೆ ತಿನ್ನದವರು, ಹೊಸಬರು 2, ಕೇಳಬೇಕು."
"ತರೋದು: ಆಧಾರ್, ಕ್ಯಾಸ್ಟ್, ಇನ್‌ಕಮ್, ಪಾಸ್‌ಬುಕ್, ರೇಷನ್ ಕಾರ್ಡ್, ಫೋಟೋ 2."

ಎಸ್.ಎ. 1 ಎಂದರೆ ವರ್ಷದ ಮೊದಲ ಸಂಕಲನಾತ್ಮಕ ಮೌಲ್ಯಮಾಪನ, ಅಪಾರ್ ಎಂದರೆ ಪ್ರತಿ ವಿದ್ಯಾರ್ಥಿಗೂ ಕೊಡುವ ಶಾಶ್ವತ ಗುರುತಿನ ಸಂಖ್ಯೆ. ಇವಲ್ಲದೆ ಒಬ್ಬ ಹುಡುಗನ ಮನೆಯ ಪರಿಸ್ಥಿತಿಯ ಬಗ್ಗೆ ಒಂದು ಸಾಲಿತ್ತು. ಅದನ್ನು ನಾನು ನಕಲು ಮಾಡಿಕೊಳ್ಳಲಿಲ್ಲ.

ಮುಂದೆ ಪ್ರತಿ ಸಾಲಿನ ಪಕ್ಕದಲ್ಲಿಯೂ ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತ ಹೋದೆ: ಇದನ್ನು ಓದಿದ ಪೋಷಕರು ಏನು ಮಾಡಬೇಕು? ಬರಬೇಕೇ, ತರಬೇಕೇ, ಯೋಚಿಸಿಕೊಂಡು ಬರಬೇಕೇ ಅಥವಾ ಏನೂ ಇಲ್ಲವೇ? ಏನೂ ಇಲ್ಲವೆಂದಾದರೆ ಆ ಸಾಲಿಗೆ ಪತ್ರದಲ್ಲಿ ಜಾಗವಿಲ್ಲ. ಒಂಬತ್ತು ಮಕ್ಕಳ ಹೆಸರುಗಳು ಹೀಗೆ ಹೊರಬಿದ್ದವು, ಏಕೆಂದರೆ ಅವು ಶಿಕ್ಷಕರ ನೆನಪಿಗೆಂದು ಬರೆದವು, ಮೂವತ್ತೊಂದು ಮನೆಗಳಲ್ಲಿ ಓದಿಸುವುದಕ್ಕಲ್ಲ. ಗೈರುಹಾಜರಿಯ ಮೂರು ಹೆಸರುಗಳೂ ಅದೇ ಕಾರಣಕ್ಕೆ ಹೋದವು, ಆದರೆ ವಿಷಯ ಉಳಿಯಿತು. ಮೊಟ್ಟೆಯ ಸಾಲು ಇಬ್ಬರು ಹೊಸ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದರಿಂದ, ಅವರ ಮನೆಯವರನ್ನು ಬಾಯಿಮಾತಿನಲ್ಲಿ ಕೇಳಿ ಮೊಟ್ಟೆಯೋ ಬಾಳೆಹಣ್ಣೋ ಎಂದು ಬರೆದುಕೊಳ್ಳುವುದೆಂದು ಮೇಡಂ ಒಪ್ಪಿದರು.

ನವೆಂಬರ್ 13, ಬುಧವಾರ: ದಿನಾಂಕ ಮತ್ತು ಸಮಯ

"ಮುಂದಿನ ಸೋಮವಾರ" ಎಂದರೆ ನವೆಂಬರ್ 18. ಕ್ಯಾಲೆಂಡರ್ ನೋಡಿದಾಗ ಅಂದು ಕನಕದಾಸ ಜಯಂತಿ, ಸರ್ಕಾರಿ ರಜೆ. ಟಿಪ್ಪಣಿಯಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸದೆ ದಿನಾಂಕವನ್ನು ಹಾಗೆಯೇ ಟೈಪ್ ಮಾಡಿದ್ದರೆ, ಪೋಷಕರು ಬೀಗ ಹಾಕಿದ ಶಾಲೆಗೆ ಬಂದು ಹಿಂದಿರುಗಬೇಕಾಗುತ್ತಿತ್ತು. 16ರ ಶನಿವಾರಕ್ಕೆ ಕರೆದರೆ ಪತ್ರ ತಲುಪಿ ದಾಖಲೆ ಹುಡುಕುವಷ್ಟು ಸಮಯ ಇರಲಿಲ್ಲ. ಆದ್ದರಿಂದ ಮುಖ್ಯ ಶಿಕ್ಷಕರನ್ನು ಕೇಳಿ 23ರ ಶನಿವಾರವನ್ನು ಗೊತ್ತುಮಾಡಿದೆವು. ದಿನಾಂಕ ಮತ್ತು ವಾರ ಎರಡನ್ನೂ ಬರೆಯಲೇಬೇಕು. ನಮ್ಮ ಊರಿನ ಬಹಳ ಮನೆಗಳು ವಾರದ ಹೆಸರಿನಲ್ಲಿಯೇ ಲೆಕ್ಕ ಇಡುತ್ತವೆ, ಮತ್ತು ಎರಡರಲ್ಲಿ ಒಂದು ತಪ್ಪಿದ್ದರೆ ಓದಿದವರು ತಕ್ಷಣ ಬಂದು ಕೇಳುತ್ತಾರೆ.

ಸಮಯದ ವಿಷಯದಲ್ಲಿ ಹೆಚ್ಚು ತಡವಾಯಿತು. ಶನಿವಾರ ಬೆಳಗಿನ ತರಗತಿಗಳು ಮುಗಿದು ಮಕ್ಕಳ ಊಟವಾದ ಕೂಡಲೇ, ಅಂದರೆ ಹನ್ನೆರಡಕ್ಕೆ ಸಭೆ ಇಟ್ಟರೆ ಶಿಕ್ಷಕರಿಗೆ ಅನುಕೂಲ. ಆದರೆ ಬಿಸಿಯೂಟದ ಅಡುಗೆಯವರೊಬ್ಬರ ಮಗಳು ಅದೇ ತರಗತಿಯಲ್ಲಿದ್ದಾಳೆ. ಅವರು ಹೇಳಿದ ಪ್ರಕಾರ ರಾಗಿ ಕೊಯ್ಲಿಗೆ ಅರ್ಧ ಆಳು ಹೋಗುವವರ ಕೆಲಸ ಮುಗಿಯುವುದು ಮಧ್ಯಾಹ್ನ ಒಂದೂವರೆಗೆ. ಹನ್ನೆರಡಕ್ಕೆ ಕರೆದರೆ ಆ ಅರ್ಧ ದಿನದ ಕೂಲಿಯೂ ಹೋಗುತ್ತದೆ. ಆದ್ದರಿಂದ ಎರಡು ಗಂಟೆಗೆ ಇಟ್ಟೆವು.

ಮುಗಿಯುವ ಹೊತ್ತನ್ನು ಬರೆಯಲು ಕಾರ್ಯಕ್ರಮವನ್ನು ಲೆಕ್ಕ ಹಾಕಬೇಕಾಯಿತು. ಪ್ರತಿ ಪೋಷಕರೊಂದಿಗೆ ಮೂರು ನಿಮಿಷ ಮಾತನಾಡಬೇಕೆಂಬುದು ಮೇಡಂ ಅವರ ಆಸೆ. ಮೂವತ್ತೊಂದು ಮಕ್ಕಳಿಗೆ ಅದು 93 ನಿಮಿಷವಾಗುತ್ತದೆ, ಸಾಮೂಹಿಕ ಮಾತು ಅದರ ಮೇಲೆ. ಹೊಲಕ್ಕೋ ಹಾಲು ಕರೆಯುವುದಕ್ಕೋ ಹೋಗಬೇಕಾದವರು ಅಷ್ಟು ಹೊತ್ತು ಕೂರುವುದಿಲ್ಲ, ಕೊನೆಯ ಹತ್ತು ಮಂದಿ ಮಾತನಾಡದೆ ಎದ್ದು ಹೋಗುತ್ತಾರೆ. ಪ್ರಗತಿ ಪತ್ರಕ್ಕೆ ಎರಡು ನಿಮಿಷ, ಅದು ಮೇಡಂ ಅವರ ಮೇಜಿನಲ್ಲಿ; ದಾಖಲೆಗಳ ಕೆಲಸ ಪಕ್ಕದಲ್ಲಿ ನನ್ನ ಮೇಜಿನಲ್ಲಿ; ಭಾಗಾಕಾರದ ಒಂಬತ್ತು ಮಕ್ಕಳ ಮನೆಯವರೊಂದಿಗೆ ಬೇರೆ ದಿನ ವಿವರವಾಗಿ ಮಾತು ಎಂದು ಹಂಚಿಕೊಂಡಾಗ, ಅರ್ಧ ಗಂಟೆಯ ಸಾಮೂಹಿಕ ಮಾತಿನ ನಂತರ ಸುಮಾರು ಒಂದು ಗಂಟೆ ಸಾಕಾಯಿತು. ಎರಡರಿಂದ ಮೂರೂವರೆ ಎಂದು ಬರೆಯಲು ಆಗ ಧೈರ್ಯ ಬಂತು.

ನವೆಂಬರ್ 14, ಗುರುವಾರ: ತರಬೇಕಾದ ವಸ್ತುಗಳ ಪಟ್ಟಿ

ಈ ಕೆಲಸದಲ್ಲಿ ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಇದೇ, ಮತ್ತು ತೆಗೆದುಕೊಳ್ಳಬೇಕಾದದ್ದೂ ಇದಕ್ಕೇ. ಟಿಪ್ಪಣಿಯಲ್ಲಿದ್ದ ಪಟ್ಟಿಯನ್ನು ಹಾಗೆಯೇ ಅಚ್ಚು ಹಾಕಿದರೆ ಮೂವತ್ತೊಂದು ಮನೆಯವರೂ ಐದು ದಾಖಲೆಗಳನ್ನು ಜೆರಾಕ್ಸ್ ಮಾಡಿಸಲು ಹೋಬಳಿ ಕೇಂದ್ರಕ್ಕೆ ಹೋಗಬೇಕು. ಕೆಲವರು ಒಂದು ದಾಖಲೆ ಸಿಗಲಿಲ್ಲವೆಂದು ಸಭೆಗೇ ಬರುವುದಿಲ್ಲ. ಹಿಂದಿನ ವರ್ಷಗಳಲ್ಲಿ "ಕಾಗದ ಸಿಗಲಿಲ್ಲ ಸರ್, ಅದಕ್ಕೇ ಬರಲಿಲ್ಲ" ಎಂಬ ಮಾತನ್ನು ಕೇಳಿದ್ದೇನೆ. ಆದ್ದರಿಂದ ಒಂದೊಂದನ್ನೂ ಹಿಡಿದು, ಇದು ಯಾವ ಮಗುವಿಗೆ, ಯಾವ ಕೆಲಸಕ್ಕೆ ಎಂದು ಮೇಡಂ ಅವರನ್ನು ಕೇಳಿದೆ.

ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳು ವಿದ್ಯಾರ್ಥಿವೇತನಕ್ಕಾಗಿ, ಬಾಕಿ ಇರುವುದು ನಾಲ್ಕು ಮಕ್ಕಳದು ಮಾತ್ರ. ನಮಗೆ ಬೇಕಾದದ್ದು ಪತ್ರದ ಮೇಲಿರುವ, ಆರ್.ಡಿ. ಎಂದು ಆರಂಭವಾಗುವ ಸಂಖ್ಯೆ. ಅದು ಸ್ಪಷ್ಟವಾಗಿ ಕಾಣುವಂತಿದ್ದರೆ ಮೂಲ ಪ್ರತಿಯೇ ಆಗಬೇಕೆಂದಿಲ್ಲ. ನಾಲ್ವರಲ್ಲಿ ಇಬ್ಬರು ಆದಾಯ ಪತ್ರ ಕೊಟ್ಟಿದ್ದರು, ಆದರೆ ಅದರ ಐದು ವರ್ಷದ ಅವಧಿ ಮುಗಿದಿತ್ತು. ಅವರಿಗೆ "ಆದಾಯ ಪತ್ರ ತನ್ನಿ" ಎಂದು ಬರೆದರೆ ಅದೇ ಹಳೆಯದನ್ನು ಮತ್ತೊಮ್ಮೆ ತರುತ್ತಾರೆ, "ಹೊಸದು" ಎಂಬ ಮಾತು ಸೇರಲೇಬೇಕಿತ್ತು. ಹೊಸದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು, 23ರೊಳಗೆ ಕೈಗೆ ಬರುತ್ತದೆಂಬ ಖಾತರಿಯಿಲ್ಲ. ಆದ್ದರಿಂದ ಅರ್ಜಿಯ ಸ್ವೀಕೃತಿಯಾದರೂ ಸಾಕು ಎಂದು ಸೇರಿಸಿದೆ.

ಪಾಸ್‌ಬುಕ್ ಪಟ್ಟಿಯಿಂದ ಹೊರಬಿತ್ತು. ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ, ಜೋಡಣೆ ಆಗಿದೆಯೇ ಎಂಬುದು ಪಾಸ್‌ಬುಕ್ಕಿನ ಮೊದಲ ಪುಟ ನೋಡಿದರೆ ತಿಳಿಯುವುದಿಲ್ಲ, ಬ್ಯಾಂಕಿನಲ್ಲಿಯೇ ವಿಚಾರಿಸಬೇಕು. ರೇಷನ್ ಕಾರ್ಡ್ ಏಕೆ ಎಂದು ಕೇಳಿದಾಗ, "ಯಾವಾಗಲೂ ಬರೀತೀವಲ್ಲ ಸರ್" ಎಂಬ ಉತ್ತರ ಬಂತು, ಅದೂ ಹೋಯಿತು. ಫೋಟೋಗಳ ಗತಿಯೂ ಅದೇ.

ಮಗುವಿನ ಆಧಾರ್ ಪ್ರತಿ ಶಾಲೆಯ ಕಡತದಲ್ಲಿ ಎಲ್ಲರದೂ ಇದೆ. ಶಾಲೆಯ ದಾಖಲೆಯಲ್ಲಿರುವ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ಹೊಂದದಿದ್ದರೆ ಅಪಾರ್ ಸಂಖ್ಯೆ ಸಿದ್ಧವಾಗುವುದಿಲ್ಲ, ಹಾಗೆ ತಾಳೆಯಾಗದ ಮಕ್ಕಳು ಆರು. ಇನಿಷಿಯಲ್ ಮೊದಲೋ ಕೊನೆಯೋ, ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಚ್ಚೋ ಕಡಿಮೆಯೋ ಎಂಬಷ್ಟೇ ವ್ಯತ್ಯಾಸ. ಯಾವ ಕಡೆ ತಿದ್ದಬೇಕೆಂದು ತೀರ್ಮಾನಿಸಲು ಜನನ ಪ್ರಮಾಣ ಪತ್ರವನ್ನೂ ನೋಡಬೇಕಾಗುತ್ತದೆ, ಆದ್ದರಿಂದ ಈ ಆರು ಮನೆಗಳಿಗೆ ಎರಡೂ ಬೇಕು. ಎಲ್ಲರಿಂದಲೂ ಬೇಕಾದದ್ದು ಕೊನೆಗೆ ಒಂದೇ: ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ತಾಯಿ ಅಥವಾ ತಂದೆಯ ಗುರುತಿನ ಚೀಟಿ.

ಈ ವಿಂಗಡಣೆಯಿಂದಲೇ ಪತ್ರದ ಆಕಾರ ಹುಟ್ಟಿತು. ಎಲ್ಲರಿಗೂ ಅನ್ವಯಿಸುವುದು ಒಂದು ಸಾಲು. ಉಳಿದವು ಖಾಲಿ ಚೌಕಗಳು, ಯಾರಿಗೆ ಅನ್ವಯಿಸುತ್ತದೆಯೋ ಅವರ ಪತ್ರದಲ್ಲಿ ಮಾತ್ರ ಕೆಂಪು ಪೆನ್ನಿನ ಗುರುತು. ಯಾವ ಮಗುವಿಗೆ ಏನು ಬಾಕಿ ಎಂಬುದು ಬೇರೆ ಮನೆಗೆ ತಿಳಿಯುವುದಿಲ್ಲ, ಅಚ್ಚು ಮಾತ್ರ ಒಂದೇ.

ನವೆಂಬರ್ 15, ಶುಕ್ರವಾರ: ಬಿದ್ದುಹೋದ ಮೊದಲ ಕರಡು

ಶಾಲೆಯ ಕಂಪ್ಯೂಟರಿನಲ್ಲಿದ್ದ ಹಳೆಯ ಆಹ್ವಾನ ಪತ್ರದ ಮೇಲೆಯೇ ತಿದ್ದಲು ಆರಂಭಿಸಿದೆ. ಅದು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿತ್ತು. ಮುದ್ರಣಕ್ಕೆ ತೊಂದರೆಯಿಲ್ಲ, ಆದರೆ ಅದರ ಸಾಲುಗಳನ್ನು ವಾಟ್ಸಾಪ್‌ಗೆ ಅಂಟಿಸಿದಾಗ "ಸಭೆ" ಎಂಬ ಜಾಗದಲ್ಲಿ `¸À¨sÉ` ಎಂದು ಕಾಣಿಸಿತು. ಪರಿವರ್ತಕದಲ್ಲಿ ಹಾಕಿ ಒತ್ತಕ್ಷರಗಳನ್ನು ಒಂದೊಂದಾಗಿ ತಾಳೆ ನೋಡುವುದಕ್ಕಿಂತ, ಅರ್ಧ ಪುಟವನ್ನು ಯುನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡುವುದೇ ಸುಲಭವಾಗಿತ್ತು.

ಆದರೆ ಹಳೆಯ ಪತ್ರದ ಧಾಟಿ ಕೈಯಲ್ಲಿ ಉಳಿದುಕೊಂಡಿತ್ತು. "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಸಂಕಲನಾತ್ಮಕ ಮೌಲ್ಯಮಾಪನದ ಫಲಿತಾಂಶವನ್ನು ಸಮಾಲೋಚಿಸುವ ಸಲುವಾಗಿ" ಎಂದು ಆರಂಭವಾಗಿ, ದಿನಾಂಕ ಏಳನೇ ಸಾಲಿನಲ್ಲಿ ಬರುತ್ತಿತ್ತು. ಇದನ್ನು ಮುದ್ರಿಸಿ ಅಡುಗೆಯವರ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿ ಎಂದೆ. ಅವರು ಏಳನೇ ತರಗತಿಯವರೆಗೆ ಓದಿದವರು, ನಿಧಾನವಾಗಿಯಾದರೂ ಸರಿಯಾಗಿಯೇ ಓದಿದರು. ಪತ್ರವನ್ನು ತಿರುಗಿಸಿಟ್ಟು ಮೂರು ಪ್ರಶ್ನೆ ಕೇಳಿದೆ: ಯಾವತ್ತು ಬರಬೇಕು, ಎಷ್ಟು ಹೊತ್ತಿಗೆ, ಏನು ತರಬೇಕು? "ಪರೀಕ್ಷೆದು ಏನೋ ಇದೆ ಸರ್" ಎಂದರು, ದಿನ ನೆನಪಿರಲಿಲ್ಲ. ಕರಡು ಅಲ್ಲಿಗೇ ಮುಗಿಯಿತು.

ಎರಡನೆಯದರಲ್ಲಿ ದಿನ, ಹೊತ್ತು, ಸ್ಥಳಗಳನ್ನು ಪ್ರತ್ಯೇಕ ಸಾಲುಗಳಾಗಿ ಮೇಲೆ ತಂದೆ. ಮೌಲ್ಯಮಾಪನದ ಹೆಸರಿನ ಬದಲು "ದಸರಾ ರಜೆಗೆ ಮುಂಚೆ ನಡೆದ ಪರೀಕ್ಷೆ" ಎಂದು ಬರೆದೆ, ಏಕೆಂದರೆ ಮನೆಯವರಿಗೆ ಆ ಪರೀಕ್ಷೆ ನೆನಪಿರುವುದು ಹಾಗೆಯೇ. ಅವರೇ ಮತ್ತೊಮ್ಮೆ ಓದಿದಾಗ ಮೂರಕ್ಕೂ ಉತ್ತರ ಬಂತು. ಆದರೆ ಒಂದು ಹೊಸ ಪ್ರಶ್ನೆಯನ್ನೂ ಹಾಕಿದರು: "ಅಪ್ಪ ಅಮ್ಮ ಇಬ್ಬರೂ ಗಾರ್ಮೆಂಟ್ಸಿಗೆ ಹೋಗೋ ಮನೆಯಿಂದ ಅಜ್ಜಿ ಬಂದ್ರೆ ನಡಿಯುತ್ತಾ?" ಸಭೆಗೆ ನಡೆಯುತ್ತದೆ, ಆದರೆ ಅಪಾರ್ ಒಪ್ಪಿಗೆಗೆ ನಡೆಯುವುದಿಲ್ಲ. ಆ ಮನೆಗಳಿಗೆ ಒಪ್ಪಿಗೆ ನಮೂನೆಯನ್ನು ಅಜ್ಜಿಯ ಕೈಯಲ್ಲಿ ಕಳುಹಿಸಿ ಸಹಿ ಮಾಡಿಸಿಕೊಳ್ಳುವುದೆಂದು ನಿರ್ಧರಿಸಿ, ಪತ್ರದಲ್ಲಿ ಒಂದು ವಾಕ್ಯ ಸೇರಿಸಿದೆ.

ನವೆಂಬರ್ 16, ಶನಿವಾರ: ಪುಟದ ಅಳತೆ

ಎ4 ಹಾಳೆಯನ್ನು ಅಡ್ಡಲಾಗಿಟ್ಟು ಎರಡು ಪತ್ರ, ಅಂದರೆ ಒಂದೊಂದು ಪತ್ರಕ್ಕೆ 148 ಮಿ.ಮೀ. ಅಗಲ, 210 ಮಿ.ಮೀ. ಎತ್ತರ. ಸುತ್ತ 12 ಮಿ.ಮೀ. ಅಂಚು, ಕೆಳಗೆ ಹರಿದು ಹಿಂದಿರುಗಿಸುವ ಚೀಟಿಗೆ 40 ಮಿ.ಮೀ. ಅಕ್ಷರ 12 ಪಾಯಿಂಟ್, ದಿನಾಂಕದ ಸಾಲು ದಪ್ಪ ಅಕ್ಷರದಲ್ಲಿ 14.

ಜಾಗ ಸಾಲದೆ ಸಾಲುಗಳ ಅಂತರವನ್ನು ನಿಗದಿತ ಅಳತೆಗೆ ಇಳಿಸಿದಾಗ ಒತ್ತಕ್ಷರಗಳ ಬುಡ ಕತ್ತರಿಸಿಹೋಯಿತು. "ಮಧ್ಯಾಹ್ನ"ದ ಕೆಳಭಾಗ ಕಾಣಿಸಲೇ ಇಲ್ಲ. ಪರದೆಯ ಮೇಲೆ ಅಷ್ಟಾಗಿ ತಿಳಿಯದು, ಮುದ್ರಿಸಿ ನೋಡಿದಾಗಲೇ ಗೊತ್ತಾಗುವುದು. ಕನ್ನಡಕ್ಕೆ ನಿಗದಿತ ಅಂತರಕ್ಕಿಂತ ಪ್ರಮಾಣಾನುಸಾರ ಅಂತರವೇ ಸರಿ, 1.15ಕ್ಕೆ ಇಟ್ಟು, ಜಾಗ ಉಳಿಸಲು ಎರಡು ವಾಕ್ಯಗಳನ್ನು ತೆಗೆದೆ. ತೆಗೆದವು ಶಿಕ್ಷಣದ ಮಹತ್ವದ ಬಗ್ಗೆ ಇದ್ದವು, ಯಾರೂ ಅವನ್ನು ಕೇಳಲಿಲ್ಲ.

ಅಂತಿಮ ಪತ್ರ ಹೀಗಿದೆ:

> ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ____________
> ದಿನಾಂಕ: 19-11-2024
>
> 6ನೇ ತರಗತಿ: ಪೋಷಕರ ಸಭೆಗೆ ಆಹ್ವಾನ
>
> ಮಾನ್ಯ ಪೋಷಕರೇ,
>
> ನಿಮ್ಮ ಮಗು ____________ ಅವರ ಕಲಿಕೆಯ ಬಗ್ಗೆ ಮಾತನಾಡಲು ಸಭೆ ಕರೆದಿದ್ದೇವೆ. ದಯವಿಟ್ಟು ಬನ್ನಿ.
>
> ದಿನ: 23-11-2024, ಶನಿವಾರ
> ಹೊತ್ತು: ಮಧ್ಯಾಹ್ನ 2.00ರಿಂದ 3.30
> ಸ್ಥಳ: ಶಾಲೆಯ 6ನೇ ತರಗತಿಯ ಕೊಠಡಿ
>
> ತಾಯಿ ಅಥವಾ ತಂದೆ ಬರಲಾಗದಿದ್ದರೆ ಮನೆಯ ಹಿರಿಯರು ಬರಬಹುದು. ಅಪಾರ್ ಒಪ್ಪಿಗೆಗೆ ಮಾತ್ರ ತಾಯಿ ಅಥವಾ ತಂದೆಯ ಸಹಿ ಬೇಕು, ನಮೂನೆಯನ್ನು ಹಿರಿಯರ ಕೈಯಲ್ಲಿ ಕಳುಹಿಸುತ್ತೇವೆ.
>
> ಮಾತನಾಡುವ ವಿಷಯಗಳು (2.00ರಿಂದ 2.30)
> 1. ದಸರಾ ರಜೆಗೆ ಮುಂಚೆ ನಡೆದ ಪರೀಕ್ಷೆಯ ಫಲಿತಾಂಶ
> 2. ಗಣಿತದಲ್ಲಿ ಭಾಗಾಕಾರ: ಮನೆಯಲ್ಲಿ ಹೇಗೆ ಅಭ್ಯಾಸ ಮಾಡಿಸುವುದು
> 3. ಸುಗ್ಗಿಯ ದಿನಗಳಲ್ಲಿ ಮಕ್ಕಳ ಹಾಜರಾತಿ
> 4. ಅಪಾರ್ ಸಂಖ್ಯೆ ಎಂದರೇನು, ಒಪ್ಪಿಗೆ ಏಕೆ ಕೇಳುತ್ತೇವೆ
>
> 2.30ರಿಂದ ಒಬ್ಬೊಬ್ಬರಿಗೂ ಪ್ರಗತಿ ಪತ್ರ ತೋರಿಸಿ ಮಾತನಾಡುತ್ತೇವೆ.
>
> ತರಬೇಕಾದದ್ದು
> ಎಲ್ಲರೂ: ತಾಯಿ ಅಥವಾ ತಂದೆಯ ಆಧಾರ್ ಅಥವಾ ಬೇರೆ ಗುರುತಿನ ಚೀಟಿ. ನೋಡಿ ಹಿಂದಿರುಗಿಸುತ್ತೇವೆ, ಜೆರಾಕ್ಸ್ ಬೇಡ.
> ಕೆಂಪು ಗುರುತು ಇದ್ದರೆ ಮಾತ್ರ:
> ☐ ಮಗುವಿನ ಆಧಾರ್ ಮತ್ತು ಜನನ ಪ್ರಮಾಣ ಪತ್ರ
> ☐ ಜಾತಿ ಪ್ರಮಾಣ ಪತ್ರ
> ☐ ಹೊಸ ಆದಾಯ ಪ್ರಮಾಣ ಪತ್ರ ಅಥವಾ ಅರ್ಜಿಯ ಸ್ವೀಕೃತಿ
> ಯಾವ ಕಾಗದ ಸಿಗದಿದ್ದರೂ ಸಭೆಗೆ ಬನ್ನಿ.
>
> ತರಗತಿ ಶಿಕ್ಷಕರು / ಮುಖ್ಯ ಶಿಕ್ಷಕರು
>
> - - - - - ಇಲ್ಲಿ ಹರಿದು ಗುರುವಾರದೊಳಗೆ ಕಳುಹಿಸಿ - - - - -
> ಮಗುವಿನ ಹೆಸರು: ____________
> ☐ ಬರುತ್ತೇನೆ ☐ ಬರಲು ಆಗುವುದಿಲ್ಲ
> ಸಹಿ / ಹೆಬ್ಬೆಟ್ಟು: ____________

"ಯಾವ ಕಾಗದ ಸಿಗದಿದ್ದರೂ ಸಭೆಗೆ ಬನ್ನಿ" ಎಂಬ ಸಾಲನ್ನು ಮುಖ್ಯ ಶಿಕ್ಷಕರು ಮೊದಲು ಒಪ್ಪಲಿಲ್ಲ. ಹಾಗೆ ಬರೆದರೆ ಯಾರೂ ಏನನ್ನೂ ತರುವುದಿಲ್ಲವೆಂಬುದು ಅವರ ವಾದ. ಕಾಗದ ಬಾಕಿ ಇರುವ ಮನೆಯವರೇ ಬರದೆ ಹೋದರೆ ಯಾರ ಹತ್ತಿರ ಕೇಳುವುದು ಎಂದು ಮೇಡಂ ಹೇಳಿದ ಮೇಲೆ ಸಾಲು ಉಳಿಯಿತು.

ಮೂವತ್ತೊಂದು ಪತ್ರಗಳಿಗೆ ಹದಿನಾರು ಹಾಳೆ ಬೇಕಾಯಿತು. ಶಾಲೆಯಲ್ಲಿ ಒಂದು ಹಾಳೆ ಮುದ್ರಿಸಿ ಉಳಿದ ಹದಿನೈದನ್ನು ಜೆರಾಕ್ಸ್ ಮಾಡಿಸಿದ್ದಕ್ಕೆ ಹಾಳೆಗೆ ಎರಡು ರೂಪಾಯಿಯಂತೆ 30 ರೂಪಾಯಿ ಖರ್ಚಾಯಿತು. ಹೆಚ್ಚುವರಿಯಾಗಿ ಉಳಿದ ಒಂದು ಪತ್ರವನ್ನು ಸೂಚನಾ ಫಲಕಕ್ಕೆ ಅಂಟಿಸಿದೆವು. ಮಕ್ಕಳ ಹೆಸರುಗಳನ್ನು ಮೇಡಂ ಕೈಯಿಂದ ಬರೆದರು. ಕೆಂಪು ಗುರುತುಗಳನ್ನು ಒಬ್ಬರು ಪಟ್ಟಿ ಓದುತ್ತ ಇನ್ನೊಬ್ಬರು ಹಾಕುತ್ತ ಮುಗಿಸಿದೆವು, ಏಕೆಂದರೆ ತಪ್ಪು ಮನೆಗೆ ಗುರುತು ಹೋದರೆ ಚೌಕಗಳ ಉಪಾಯವೇ ಕೆಡುತ್ತದೆ.

ನವೆಂಬರ್ 19ರಿಂದ 23

ಮಂಗಳವಾರ ಪತ್ರ ಹಂಚಿದೆವು, ಅದರ ಚಿತ್ರವನ್ನು ತರಗತಿಯ ವಾಟ್ಸಾಪ್ ಗುಂಪಿಗೂ ಕಳುಹಿಸಿದೆವು. ಅಲ್ಲಿಗೆ ಹೋದದ್ದು ಗುರುತುಗಳಿಲ್ಲದ ಪ್ರತಿ. ಇದರಿಂದ ಒಂದು ಗೊಂದಲ ಹುಟ್ಟಿತು: ಫೋನಿನಲ್ಲಿ ಮಾತ್ರ ನೋಡಿದ ಒಬ್ಬ ತಂದೆ, ಚೌಕಗಳಲ್ಲಿದ್ದ ಎಲ್ಲವನ್ನೂ ತರಬೇಕೆಂದು ತಿಳಿದು ಕರೆ ಮಾಡಿದರು. ತಕ್ಷಣ "ನಿಮ್ಮ ಮಗುವಿನ ಕೈಯಲ್ಲಿ ಬಂದ ಕಾಗದದಲ್ಲಿ ಕೆಂಪು ಗುರುತು ಇದ್ದರೆ ಮಾತ್ರ" ಎಂದು ಗುಂಪಿನಲ್ಲಿ ಬರೆಯಬೇಕಾಯಿತು. ಗುಂಪಿಗೆ ಕಳುಹಿಸುವ ಪ್ರತಿಯಲ್ಲಿ ಚೌಕಗಳ ಭಾಗವನ್ನೇ ತೆಗೆದು, ಆ ಜಾಗದಲ್ಲಿ ಈ ವಾಕ್ಯವನ್ನು ಇಡುವುದು ಸರಿಯಾದ ಕ್ರಮ.

ಗುರುವಾರದೊಳಗೆ 26 ಚೀಟಿಗಳು ಹಿಂದಿರುಗಿದವು, ಅವುಗಳಲ್ಲಿ ನಾಲ್ಕರಲ್ಲಿ "ಬರಲು ಆಗುವುದಿಲ್ಲ" ಎಂಬ ಚೌಕಕ್ಕೆ ಗುರುತಿತ್ತು. ಚೀಟಿಯ ಕೊರತೆ ಆಗ ಕಾಣಿಸಿತು: ಆಗದಿದ್ದರೆ ಮತ್ತೆ ಯಾವಾಗ ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಆ ನಾಲ್ಕು ಮನೆಗಳಿಗೆ ಮೇಡಂ ಫೋನ್ ಮಾಡಿ ಕೇಳಬೇಕಾಯಿತು.

ಸಭೆಯಲ್ಲಿ ನನ್ನ ಮೇಜಿಗೆ ಬಂದ ಕೆಲಸ ನಿರೀಕ್ಷೆಗಿಂತ ಬೇಗ ಮುಗಿಯಿತು. ತಾಳೆಯಾಗದ ಆರು ಹೆಸರುಗಳಲ್ಲಿ ಐದನ್ನು ಜನನ ಪತ್ರ ನೋಡಿ ಗುರುತು ಹಾಕಿಕೊಂಡೆ, ಒಬ್ಬರು ಆಧಾರ್ ಕೇಂದ್ರಕ್ಕೆ ಹೋಗಬೇಕಿದೆ. ಆದಾಯ ಪತ್ರದ ಅವಧಿ ಮುಗಿದಿದ್ದ ಇಬ್ಬರೂ ಅರ್ಜಿಯ ಸ್ವೀಕೃತಿ ತಂದಿದ್ದರು. ಮೇಡಂ ಅವರ ಮೇಜಿನಲ್ಲಿ ಎರಡು ನಿಮಿಷದ ಲೆಕ್ಕ ಕೆಲವೆಡೆ ಐದಾಯಿತು, ಸಭೆ ಮುಗಿಯುವಾಗ ನಾಲ್ಕು ಗಂಟೆಗೆ ಹತ್ತಿರವಾಗಿತ್ತು.

ಕಡತವನ್ನು ಈಗ ಖಾಲಿ ನಮೂನೆಯಾಗಿ ಉಳಿಸಿದ್ದೇನೆ. ಚೀಟಿಯಲ್ಲಿ "ಆಗದಿದ್ದರೆ ಯಾವ ದಿನ, ಎಷ್ಟು ಹೊತ್ತಿಗೆ" ಎಂಬ ಸಾಲು ಸೇರಿದೆ. ಒಬ್ಬೊಬ್ಬರಿಗೆ ಮೂರು ನಿಮಿಷದಂತೆ ಲೆಕ್ಕ ಹಾಕಿ ಮುಗಿಯುವ ಹೊತ್ತನ್ನು ನಾಲ್ಕು ಗಂಟೆ ಎಂದು ಬದಲಿಸಿದ್ದೇನೆ. ಐದನೇ ತರಗತಿಯ ಶಿಕ್ಷಕರು ತಮ್ಮ ಸಭೆಗೆ ಇದೇ ನಮೂನೆಯನ್ನು ಕೇಳಿದ್ದಾರೆ, ಅವರ ತರಗತಿಯ ಬಾಕಿ ಪಟ್ಟಿ ಇನ್ನೂ ಬರಬೇಕಿದೆ.